ಕಾಫಿ ಕೊನೆಗಿರಲಿ

ನಮ್ಮಣ್ಣನ ಮಗ ಮದುವೆಗೆಂದು ನೋಡುತ್ತಿದ್ದ ಹುಡುಗಿಯನ್ನು ಮೊದಲ ಸಲ ಭೇಟಿಯಾಗಲು ಹೋದದ್ದು ಬೆಂಗಳೂರಿನ ಒಂದು ಹೆಸರುವಾಸಿ ಹೋಟೆಲಿಗೆ, ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ. ಮ್ಯಾಟ್ರಿಮೊನಿ ಆ್ಯಪಿನಲ್ಲಿ ಪ್ರೊಫೈಲು ನೋಡಿದ್ದಾಗಿತ್ತು, ಎರಡೂ ಮನೆಯವರು ಫೋನಿನಲ್ಲಿ ಮಾತಾಡಿದ್ದಾಗಿತ್ತು. ಮೊದಲು ಮಕ್ಕಳಿಬ್ಬರೇ ಹೊರಗೆಲ್ಲಾದರೂ ಮಾತಾಡಲಿ, ಒಪ್ಪಿಗೆಯಾದರೆ ಆಮೇಲೆ ನಾವು ಮನೆಗೆ ಹೋಗೋಣ ಎಂದು ಹಿರಿಯರು ತೀರ್ಮಾನಿಸಿದ್ದರು. ಒಳ್ಳೆಯ ತೀರ್ಮಾನವೇ. ಆದರೆ ಹುಡುಗ ಹನ್ನೊಂದು ಗಂಟೆಗೆ ಮನೆಗೆ ಬಂದು ಸೋಫಾದ ಮೇಲೆ ಕೂತವನು, ‘ಅತ್ತೆ, ಅವರಿಗೆ ಈರುಳ್ಳಿ ಚಟ್ನಿ ಇಷ್ಟ ಅನ್ನೋದು ಬಿಟ್ಟು ನನಗೆ ಇನ್ನೇನೂ ಗೊತ್ತಾಗಲಿಲ್ಲ’ ಎಂದ.

ಆದದ್ದು ಇಷ್ಟು. ಹೋಟೆಲಿನ ಮುಂದೆ ಹೆಸರು ಬರೆಸಿ ಅರ್ಧ ಗಂಟೆ ಫುಟ್‌ಪಾತಿನಲ್ಲಿ ನಿಂತರು. ಸುತ್ತ ಐವತ್ತು ಜನ, ಹೆಸರು ಕೂಗುವ ಸದ್ದು, ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ. ಒಳಗೆ ಸಿಕ್ಕಿದ್ದು ನಾಲ್ಕು ಜನರ ಮೇಜಿನಲ್ಲಿ ಎರಡು ಕುರ್ಚಿ. ಎದುರಿಗೆ ಯಾರೋ ಹಿರಿಯ ದಂಪತಿ. ದೋಸೆ ಬಂತು, ಕಾಫಿ ಬಂತು. ಫಿಲ್ಟರ್ ಕಾಫಿ ಒಂದು ಲೋಟ ಮುಗಿಯಲು ಎಷ್ಟು ಹೊತ್ತು ಬೇಕು? ಐದು ನಿಮಿಷ. ಮುಗಿಯುವ ಮುಂಚೆಯೇ ‘ಬೇರೇನು ಸಾರ್?’ ಎಂದು ಕೇಳಿ ಬಿಲ್ಲು ಇಟ್ಟರು. ಕುರ್ಚಿಯ ಬೆನ್ನು ಹಿಡಿದುಕೊಂಡು ಮುಂದಿನವರು ನಿಂತಿದ್ದರು. ಹೊರಗೆ ಬಂದ ಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಆಕೆ ಆಟೊ ಹತ್ತಿದಳು, ಇವನು ಬೈಕು ಹತ್ತಿದ.

ಇದರಲ್ಲಿ ಹೋಟೆಲಿನವರ ತಪ್ಪು ಏನೂ ಇಲ್ಲ. ನಮ್ಮ ಹಳೆಯ ಟಿಫನ್ ಹೋಟೆಲುಗಳು ಇರುವುದೇ ತಿಂದು ಏಳುವವರಿಗಾಗಿ. ಅಪರಿಚಿತರ ಜೊತೆ ಮೇಜು ಹಂಚಿಕೊಳ್ಳುವುದು ಅಲ್ಲಿನ ವಾಡಿಕೆ. ನಿಂತು ತಿನ್ನುವ ದರ್ಶಿನಿಗಳಲ್ಲಂತೂ ಕೂರುವ ಪ್ರಶ್ನೆಯೇ ಇಲ್ಲ. ಹತ್ತು ವರ್ಷದ ಸ್ನೇಹಿತರು ಆ ಗದ್ದಲದಲ್ಲೇ ಸುಖವಾಗಿ ಹರಟುತ್ತಾರೆ, ಅವರಿಗೆ ಅರ್ಧ ಮಾತು ಸಾಕು. ಒಬ್ಬರನ್ನೊಬ್ಬರು ಅರಿಯದ ಇಬ್ಬರಿಗೆ ಪ್ರತಿ ಮಾತನ್ನೂ ಪೂರ್ತಿ ಆಡಬೇಕು, ಪೂರ್ತಿ ಕೇಳಬೇಕು.

ಎರಡು ವಾರ ಬಿಟ್ಟು ಇನ್ನೊಬ್ಬ ಹುಡುಗಿಯ ಜೊತೆ ಭೇಟಿ ಗೊತ್ತಾದಾಗ ಅವನು ನನ್ನನ್ನು ಕೇಳಿದ. ಸಂಬಂಧಗಳ ವಿಷಯದಲ್ಲಿ ನಮ್ಮ ಮನೆಯ ಹುಡುಗ ಹುಡುಗಿಯರು ಕೆಲವರು ನನ್ನ ಹತ್ತಿರ ಹೀಗೆ ಬಂದು ಕೂರುವುದುಂಟು. ಅವರ ಅನುಭವ ಕೇಳಿ ಕೇಳಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಮೊದಲ ಭೇಟಿಯಲ್ಲಿ ಬಿಗುವು ಹುಟ್ಟುವುದು ದೊಡ್ಡ ವಿಷಯಗಳಿಂದಲ್ಲ. ಈಗ ಎಲ್ಲಿಗೆ ಹೋಗೋಣ, ಯಾರು ದುಡ್ಡು ಕೊಡಬೇಕು, ಹೊರಡ್ತೀನಿ ಅಂತ ಯಾವಾಗ ಹೇಳಿದರೆ ಬೇಜಾರಾಗಲ್ಲ, ಇಂಥ ಸಣ್ಣ ಸಣ್ಣ ನಿರ್ಧಾರಗಳನ್ನು ಅಲ್ಲೇ ನಿಂತು ಮಾಡಬೇಕಾಗಿ ಬರುವುದರಿಂದ. ಪರಿಚಯವಿಲ್ಲದವರ ಎದುರು ‘ನಿಮ್ಮಿಷ್ಟ’, ‘ಇಲ್ಲ, ನಿಮ್ಮಿಷ್ಟ’ ಎಂದು ಇಬ್ಬರೂ ಹಿಂದೆ ಸರಿಯುತ್ತಾರೆ. ಅವನ್ನೆಲ್ಲ ಹಿಂದಿನ ದಿನವೇ ತೀರ್ಮಾನಿಸಿಟ್ಟರೆ ಭೇಟಿಯ ಹೊತ್ತು ಮಾತಿಗೇ ಉಳಿಯುತ್ತದೆ. ಹಾಗಾಗಿ ಅವನ ಎರಡನೆಯ ಭೇಟಿಯನ್ನು ನಾವಿಬ್ಬರೂ ಕೂತು ಹೇಗೆ ಯೋಜಿಸಿದೆವು ಎಂಬುದನ್ನೇ ಇಲ್ಲಿ ವಿವರವಾಗಿ ಹೇಳುತ್ತೇನೆ. ಜಾಗ ಬೆಂಗಳೂರಿನದು. ಬೇರೆ ಊರಿನವರು ತಮ್ಮ ಊರಿನ ಕೆರೆಯನ್ನೋ ಉದ್ಯಾನವನ್ನೋ ಇದೇ ಕಣ್ಣಿನಿಂದ ನೋಡಬಹುದು.

ಮೊದಲು ಮಾಡಿದ್ದು ಕಾಫಿಯನ್ನು ಕೊನೆಗೆ ತಳ್ಳಿದ್ದು. ಎದುರುಬದುರು ಕೂತಾಗ ಕಣ್ಣು ಎಲ್ಲಿಡಬೇಕೆಂಬುದೇ ಒಂದು ಕೆಲಸವಾಗುತ್ತದೆ. ಮಾತು ನಿಂತರೆ ಆ ಮೌನ ಮೇಜಿನ ಮೇಲೆ ಕೂತುಬಿಡುತ್ತದೆ. ಪಕ್ಕಪಕ್ಕದಲ್ಲಿ ನಡೆಯುವಾಗ ಇಬ್ಬರೂ ಮುಂದೆ ನೋಡುತ್ತಿರುತ್ತಾರೆ, ಸುಮ್ಮನಿದ್ದರೂ ನಡಿಗೆ ನಡೆಯುತ್ತಿರುತ್ತದೆ. ಮರ, ನಾಯಿ, ಸೈಕಲ್ ಕಲಿಯುವ ಮಗು, ಏನೋ ಒಂದು ಕಣ್ಣಿಗೆ ಬಿದ್ದು ಮಾತು ತಾನಾಗಿ ಮತ್ತೆ ಶುರುವಾಗುತ್ತದೆ. ಮೂವತ್ತರಿಂದ ನಲವತ್ತು ನಿಮಿಷ ನಡೆದ ಮೇಲೆ ಕೂತರೆ ಅಷ್ಟರಲ್ಲಿ ದನಿ ಪರಿಚಯವಾಗಿರುತ್ತದೆ. ಕಾಲಿಗೂ ಕೂರುವ ಆಸೆಯಾಗಿರುತ್ತದೆ. ಆಗ ಐದು ನಿಮಿಷದ ಕಾಫಿ ಇಪ್ಪತ್ತೈದು ನಿಮಿಷ ಆಗುತ್ತದೆ. ಇನ್ನೊಂದು ಅನುಕೂಲವೂ ಉಂಟು. ನಡಿಗೆಯಲ್ಲೇ ಇಬ್ಬರಿಗೂ ಹೊಂದದು ಎಂದು ಗೊತ್ತಾದರೆ ಕಾಫಿಯನ್ನು ಬಿಟ್ಟು ಮರ್ಯಾದೆಯಿಂದ ಹೊರಡಬಹುದು. ತಟ್ಟೆಯಲ್ಲಿ ಅರ್ಧ ದೋಸೆ ಇರುವಾಗ ಏಳಲಾಗದು.

ಮಂಡಿ ನೋವಿದ್ದವರು, ಹೆಚ್ಚು ನಡೆಯಲಾಗದವರು ಇದನ್ನು ಮೊದಲೇ ಹೇಳಿಬಿಡಬೇಕು. ಕೇಳುವುದು ಕರೆದವರ ಕೆಲಸ: ‘ಸ್ವಲ್ಪ ನಡೆಯೋಣ ಅಂತಿದ್ದೀನಿ, ನಿಮಗೆ ಪರವಾಗಿಲ್ವಾ?’ ಎಂಬ ಒಂದು ಸಾಲು ಸಾಕು. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬಂದು ಕಷ್ಟಪಡುವುದೂ ಆಗ ತಪ್ಪುತ್ತದೆ.

ನಡೆಯಲು ಎಲ್ಲಿ? ಹುಡುಗ ಇರುವುದು ಬನಶಂಕರಿಯಲ್ಲಿ, ಆಕೆ ವೈಟ್‌ಫೀಲ್ಡ್ ಕಡೆ ಪಿಜಿಯಲ್ಲಿ. ಇವನು ಲಾಲ್‌ಬಾಗ್ ಎಂದ. ಅವನಿಗೆ ಅದು ಹತ್ತು ನಿಮಿಷ, ಆಕೆಗೆ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಬರಬೇಕಾದ ದೂರ. ದೂರವನ್ನು ಸಮ ಮಾಡಬೇಕೆಂಬುದಕ್ಕಿಂತ ನಾನು ನೋಡುವುದು ಬೇರೆ. ಇಬ್ಬರಲ್ಲಿ ದೂರದಿಂದ ಬರುವವರಿಗೆ ರೈಲು ಬದಲಿಸುವ ತಾಪತ್ರಯ ಇರಬಾರದು, ವಾಪಸ್ಸು ಹೋಗುವಾಗ ಯಾರ ಹಂಗೂ ಬೇಡವಾಗಬೇಕು. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ನೇರಳೆ ಮಾರ್ಗದಲ್ಲಿದೆ, ಆಕೆ ಹತ್ತಿದ ರೈಲಿನಲ್ಲೇ ಸುಮಾರು ಮುಕ್ಕಾಲು ಗಂಟೆಯಲ್ಲಿ ಬಂದು ಇಳಿಯಬಹುದು. ಇವನು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಅಲ್ಲಿ ಬದಲಿಸಿದರೆ ಮೂರನೆಯ ನಿಲ್ದಾಣ. ಬದಲಿಸುವ ಕೆಲಸ ಹತ್ತಿರದವನಿಗೇ ಇರಲಿ ಎಂದೆ. ಭಾನುವಾರ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ, ಆದ್ದರಿಂದ ಬೆಳಿಗ್ಗೆ ಏಳಕ್ಕೆಲ್ಲ ಭೇಟಿ ಇಟ್ಟುಕೊಳ್ಳಬಾರದು.

‘ನಾನೇ ಬೈಕಲ್ಲಿ ಹೋಗಿ ಪಿಜಿ ಹತ್ರದಿಂದ ಕರಕೊಂಡು ಬರ್ಲಾ ಅತ್ತೆ?’ ಎಂದೂ ಕೇಳಿದ. ಉಪಕಾರದ ಮನಸ್ಸಿನಿಂದಲೇ ಕೇಳಿದ್ದ. ಬೇಡ ಎಂದೆ. ಮೊದಲ ಭೇಟಿಯಲ್ಲಿ ಬರುವುದು ಹೋಗುವುದು ಇಬ್ಬರದೂ ಬೇರೆ ಬೇರೆಯೇ ಇರಬೇಕು. ಕರೆದುಕೊಂಡು ಬಂದವರ ಗಾಡಿಯಲ್ಲೇ ವಾಪಸ್ಸು ಹೋಗಬೇಕಾದರೆ ನಡುವೆ ಎದ್ದು ಹೋಗುವ ಸ್ವಾತಂತ್ರ್ಯ ಇಲ್ಲವಾಗುತ್ತದೆ. ಒಂಟಿಯಾಗಿರುವ ಹೆಣ್ಣುಮಗಳು ತಾನಿರುವ ಮನೆಯ ಬಾಗಿಲನ್ನು ಗುರುತಿಲ್ಲದವರಿಗೆ ಮೊದಲ ದಿನವೇ ತೋರಿಸಬೇಕಾಗಿಯೂ ಇಲ್ಲ.

ಕಬ್ಬನ್ ಪಾರ್ಕ್ 1870ರಲ್ಲಿ ಆದ ಉದ್ಯಾನ, ಈಗ ಸುಮಾರು 300 ಎಕರೆ. ಇಷ್ಟು ದೊಡ್ಡ ಜಾಗದಲ್ಲಿ ‘ಪಾರ್ಕಲ್ಲಿ ಸಿಗೋಣ’ ಎಂದರೆ ಸಿಗುವುದಿಲ್ಲ. ಇವನು ಆಕೆಗೆ ಕಳಿಸಲು ಬರೆದಿಟ್ಟಿದ್ದ ಮೆಸೇಜು ನೋಡಿದೆ: ‘ಕಬ್ಬನ್ ಪಾರ್ಕ್ ಒಳಗೆ ಕೆಂಪು ಕಟ್ಟಡದ ಹತ್ತಿರ’. ಯಾವ ಕೆಂಪು ಕಟ್ಟಡ? ಹೈಕೋರ್ಟಿನ ಅಠಾರಾ ಕಚೇರಿ ಕೆಂಪು. ಕೇಂದ್ರ ಗ್ರಂಥಾಲಯ ಇರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಕೆಂಪು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವೂ ಕೆಂಪು. ಮೂರಕ್ಕೂ ನಡುವೆ ಸಾಕಷ್ಟು ನಡಿಗೆ. ಒಬ್ಬರು ಒಂದರ ಮುಂದೆ, ಇನ್ನೊಬ್ಬರು ಇನ್ನೊಂದರ ಮುಂದೆ ನಿಂತು ‘ನಾನು ಇಲ್ಲೇ ಇದ್ದೀನಲ್ಲ’ ಎಂದು ಫೋನಿನಲ್ಲಿ ಹೇಳುತ್ತ ಕಾಲು ಗಂಟೆ ಕಳೆದರೆ, ಭೇಟಿ ಶುರುವಾಗುವ ಮೊದಲೇ ಇಬ್ಬರ ಮನಸ್ಸೂ ಕೆಟ್ಟಿರುತ್ತದೆ. ಲಾಲ್‌ಬಾಗ್‌ನಲ್ಲೂ ಇದೇ ತೊಂದರೆ, ಅಲ್ಲಿ ನಾಲ್ಕು ಗೇಟು. ಮೆಟ್ರೊ ಇಳಿದವರು ಪಶ್ಚಿಮದ ಗೇಟಿನ ಹತ್ತಿರ ಬರುತ್ತಾರೆ, ಬಸ್ಸಿನಿಂದ ಬಂದವರು ಮುಖ್ಯ ಗೇಟಿನಲ್ಲಿ ಕಾಯುತ್ತಾರೆ. ನಡುವೆ ಇಡೀ ತೋಟ.

ಆದ್ದರಿಂದ ಗುರುತು ಒಂದೇ ಒಂದು ಇರುವ ವಸ್ತುವಾಗಿರಬೇಕು. ಕಟ್ಟಡ ಬೇಡ, ಗೇಟು ಬೇಡ. ನಾವು ಆರಿಸಿದ್ದು ಕೇಂದ್ರ ಗ್ರಂಥಾಲಯದ ಮುಂದಿನ ಶೇಷಾದ್ರಿ ಅಯ್ಯರ್ ಪ್ರತಿಮೆ. ಮೆಸೇಜು ಹೀಗಾಯಿತು: ‘ಕೇಂದ್ರ ಗ್ರಂಥಾಲಯದ ಮುಂದೆ ಶೇಷಾದ್ರಿ ಅಯ್ಯರ್ ಪ್ರತಿಮೆ ಇದೆ, ಅಲ್ಲಿರುತ್ತೇನೆ. ಲೊಕೇಶನ್ ಕಳಿಸಿದ್ದೇನೆ. ನೀಲಿ ಅಂಗಿ ಹಾಕಿರುತ್ತೇನೆ.’ ಅಂಗಿಯ ಬಣ್ಣ ಹೇಳುವುದು ಹಳೆಯ ಸಿನಿಮಾದ ಹಾಗೆ ಕಾಣಬಹುದು. ಆದರೆ ಪ್ರೊಫೈಲಿನ ಫೋಟೊ ಎರಡು ವರ್ಷ ಹಳೆಯದಿದ್ದಾಗ, ಎದುರಿಗೆ ಬಂದವರು ಅವರೇನಾ ಎಂದು ದಿಟ್ಟಿಸಿ ನೋಡುವ ಮುಜುಗರ ಅದರಿಂದ ತಪ್ಪುತ್ತದೆ. ಭೇಟಿಗೆ ಎರಡು ದಿನ ಮೊದಲು ಐದು ನಿಮಿಷದ ವಿಡಿಯೊ ಕಾಲ್ ಮಾಡಿಕೊಂಡಿದ್ದರೆ ಇನ್ನೂ ಒಳ್ಳೆಯದು. ಫೋಟೊದಲ್ಲಿರುವವರೇ ಫೋನಿನಲ್ಲಿರುವವರು ಎಂಬುದು ಖಚಿತವಾಗುತ್ತದೆ, ಮುಖ ಪರಿಚಯವೂ ಆಗುತ್ತದೆ. ಅದಕ್ಕಿಂತ ಹೆಚ್ಚು ಫೋನಿನಲ್ಲಿ ಮಾತಾಡುವುದು ಬೇಡ. ಮೊದಲೇ ರಾತ್ರಿಯಿಡೀ ಮಾತಾಡಿ ಬಂದವರು ಎದುರು ಸಿಕ್ಕಾಗ ಮತ್ತೆ ಅಪರಿಚಿತರಾಗುವುದನ್ನು ನೋಡಿದ್ದೇನೆ.

ಮೆಟ್ರೊ ನಿಲ್ದಾಣದ ಹೊರಗೇ ಕಾಯುವುದಕ್ಕಿಂತ ಹತ್ತು ನಿಮಿಷ ನಡೆದು ತಲುಪುವ ಇಂಥ ಜಾಗ ಯಾಕೆ? ಮುಕ್ಕಾಲು ಗಂಟೆ ಪ್ರಯಾಣ ಮಾಡಿ ಇಳಿದವರಿಗೆ ಮೊದಲು ಶೌಚಾಲಯಕ್ಕೆ ಹೋಗಬೇಕಿರುತ್ತದೆ, ಕೂದಲು ಸರಿಮಾಡಿಕೊಳ್ಳಬೇಕಿರುತ್ತದೆ, ನೀರು ಕುಡಿಯಬೇಕಿರುತ್ತದೆ. ಎಸ್ಕಲೇಟರ್ ಮೇಲೆ ಬರುತ್ತಿದ್ದ ಹಾಗೇ ‘ಹಾಯ್’ ಎಂದು ಎದುರು ನಿಂತವರು ಈ ಐದು ನಿಮಿಷವನ್ನು ಕಿತ್ತುಕೊಳ್ಳುತ್ತಾರೆ. ಪಾರ್ಕಿನ ಶೌಚಾಲಯವನ್ನು ನಂಬುವುದಕ್ಕಿಂತ ಮೆಟ್ರೊ ನಿಲ್ದಾಣದ್ದೇ ವಾಸಿ. ನಮ್ಮಲ್ಲಿ ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಹೊಟ್ಟೆ ಬಿಗಿಹಿಡಿದುಕೊಂಡೇ ಒಂದು ಗಂಟೆ ನಡೆಯುತ್ತಾರೆ. ಯೋಜನೆ ಹಾಕುವವರು ಅವರು ಕೇಳದೆಯೇ ಇದಕ್ಕೆ ಜಾಗ ಮಾಡಿಡಬೇಕು.

ಹೊತ್ತು ಬೆಳಿಗ್ಗೆ ಎಂಟೂ ಮುಕ್ಕಾಲು. ಬೆಂಗಳೂರಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆಗೆ ಬರುವುದು. ಮೇ ತಿಂಗಳಲ್ಲೂ ಸೆಪ್ಟೆಂಬರ್–ಅಕ್ಟೋಬರಿನಲ್ಲೂ ಸಂಜೆ ಆರಕ್ಕೆ ಭೇಟಿ ಇಟ್ಟುಕೊಂಡವರು ಮರದ ಕೆಳಗೆ ನೆನೆಯುತ್ತ ನಿಂತದ್ದುಂಟು. ಬೆಳಿಗ್ಗೆಯಾದರೆ ಬೆಳಕು ಏರುತ್ತ ಹೋಗುತ್ತದೆ, ಸಂಜೆಯಾದರೆ ಇಳಿಯುತ್ತ ಹೋಗುತ್ತದೆ. ಮಾತು ಸ್ವಲ್ಪ ಉದ್ದವಾದರೂ ಕತ್ತಲಾಯಿತೆಂಬ ಚಿಂತೆ ಬೆಳಗಿನಲ್ಲಿ ಇಲ್ಲ. ಭಾನುವಾರ ಪಾರ್ಕಿನೊಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲವಾದ್ದರಿಂದ ಇಬ್ಬರು ಪಕ್ಕಪಕ್ಕದಲ್ಲಿ ನಡೆಯಬಹುದು. ಉಳಿದ ದಿನ ಒಬ್ಬರ ಹಿಂದೆ ಒಬ್ಬರು ಹೋಗಬೇಕಾದೀತು. ಜನ ಇರುತ್ತಾರೆ, ಇರಲಿ. ಜನ ಇರುವುದಕ್ಕೇ ಅಲ್ಲವೇ ಅಲ್ಲಿಗೆ ಹೋಗುವುದು. ಬೇಡವಾದದ್ದು ನೂಕುನುಗ್ಗಲು. ಚಿನ್ನಸ್ವಾಮಿ ಕ್ರೀಡಾಂಗಣ ಪಕ್ಕದಲ್ಲೇ ಇರುವುದರಿಂದ ಪಂದ್ಯವಿದ್ದ ದಿನ ಆ ಸುತ್ತಮುತ್ತ ಹೋಗಬಾರದು, ಒಮ್ಮೆ ನೋಡಿಕೊಳ್ಳಿ. ಲಾಲ್‌ಬಾಗ್ ಆದರೆ ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟುಬಿಡಿ.

ಎಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿಯುವುದು ಮುಗಿಯುವ ಹೊತ್ತನ್ನು. ಶುರುವಾಗುವ ಹೊತ್ತನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ಮುಗಿಯುವ ಹೊತ್ತನ್ನು ಹೇಳಿದರೆ ಎದುರಿನವರಿಗೆ ಅವಮಾನವಾದೀತೆಂದು ಸುಮ್ಮನಿರುತ್ತಾರೆ. ಆಮೇಲೆ ಅರ್ಧ ಗಂಟೆಯಿಂದ ‘ಹೊರಡಬೇಕು’ ಎಂಬ ಮಾತನ್ನು ಬಾಯಲ್ಲಿಟ್ಟುಕೊಂಡೇ ಕೂತಿರುತ್ತಾರೆ. ನಾವು ಆಕೆಗೆ ಮೊದಲೇ ತಿಳಿಸಿದೆವು: ‘ನನಗೆ ಹತ್ತೂಕಾಲಿಗೆ ಹೊರಡಬೇಕಾಗುತ್ತದೆ.’ ಅಂದರೆ ಒಟ್ಟು ಒಂದೂವರೆ ಗಂಟೆ. ನಲವತ್ತು ನಿಮಿಷ ನಡಿಗೆ, ಉಳಿದದ್ದು ಕಾಫಿ. ಇಬ್ಬರಿಗೂ ಹಿತವೆನಿಸಿದರೆ ಮತ್ತೊಂದು ದಿನ ಇದ್ದೇ ಇದೆ. ಹಿತವೆನಿಸದಿದ್ದರೆ ಗಡಿಯಾರವೇ ಎಬ್ಬಿಸುತ್ತದೆ, ಯಾರೂ ಯಾರನ್ನೂ ಬಿಟ್ಟು ಎದ್ದಂತಾಗುವುದಿಲ್ಲ. ಹತ್ತೂಕಾಲಿಗೆ ನಿಜವಾಗಿಯೂ ಒಂದು ಕೆಲಸ ಇಟ್ಟುಕೊಳ್ಳಬೇಕೆಂದು ಹುಡುಗನಿಗೆ ಹೇಳಿದೆ, ಸುಳ್ಳು ನೆವ ಬೇಡ. ಚರ್ಚ್ ಸ್ಟ್ರೀಟಿನಲ್ಲಿ ನನಗೊಂದು ಪುಸ್ತಕ ಹುಡುಕಿ ತರುವ ಕೆಲಸ ಕೊಟ್ಟೆ.

ಈ ಒಂದೂವರೆ ಗಂಟೆಯಲ್ಲಿ ಎರಡೂ ಮನೆಯವರು ಫೋನ್ ಮಾಡಬಾರದು. ಇದನ್ನು ನಾನೇ ನಮ್ಮಣ್ಣನಿಗೂ ಅತ್ತಿಗೆಗೂ ಹೇಳಿದೆ. ‘ಹೇಗಿದಾಳೆ?’ ಎಂದು ತಾಯಿ ಕೇಳುವುದು, ಮಗ ಎದುರಿಗಿರುವವಳ ಮುಂದೆಯೇ ‘ಹೂಂ ಅಮ್ಮ, ಹೂಂ’ ಎನ್ನುವುದು, ಆಕೆಗೆ ಎಲ್ಲವೂ ಅರ್ಥವಾಗುವುದು, ಇದರಿಂದ ಕೆಟ್ಟಷ್ಟು ಭೇಟಿಗಳು ಬೇರೆ ಯಾವುದರಿಂದಲೂ ಕೆಟ್ಟಿಲ್ಲ. ಆದರೆ ಎಲ್ಲಿದ್ದಾರೆಂಬುದು ಒಬ್ಬರಿಗೆ ಗೊತ್ತಿರಲೇಬೇಕು. ವಾಟ್ಸ್ಆ್ಯಪಿನಲ್ಲಿ ಲೈವ್ ಲೊಕೇಶನ್ ಕಳಿಸುವಾಗ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂದು ಆಯ್ಕೆ ಕೊಡುತ್ತದೆ. ಒಂದು ಗಂಟೆ ಸಾಲದು, ಎಂಟು ಗಂಟೆಗೆ ಇಟ್ಟು ಮನೆ ಸೇರಿದ ಮೇಲೆ ನಿಲ್ಲಿಸಬಹುದು. ಹುಡುಗಿ ತನ್ನ ಗೆಳತಿಗೆ, ಹುಡುಗ ನನಗೆ ಕಳಿಸಿದರು. ಹುಡುಗನಿಗೆ ಯಾಕೆ ಎಂದು ಅಣ್ಣ ಕೇಳಿದ. ಮೋಸ ಹೋಗುವ ಗಂಡುಮಕ್ಕಳೂ ಇದ್ದಾರೆ, ಗುರುತಿಲ್ಲದವರನ್ನು ನೋಡಲು ಹೋಗುತ್ತಿರುವುದು ಇಬ್ಬರೂ ಅಲ್ಲವೇ?

ದಾರಿಯನ್ನು ಮುಂಚೆಯೇ ನಡೆದು ನೋಡಿಕೊಂಡು ಬಾ ಎಂದು ಹಿಂದಿನ ಭಾನುವಾರ ಅವನನ್ನು ಅದೇ ಹೊತ್ತಿಗೆ ಕಳಿಸಿದ್ದೆ. ಬೇರೆ ದಿನ ನೋಡಿದರೆ ಪ್ರಯೋಜನವಿಲ್ಲ, ಮಂಗಳವಾರ ಖಾಲಿಯಿರುವ ಜಾಗ ಭಾನುವಾರ ಜಾತ್ರೆಯಾಗಿರುತ್ತದೆ. ದಾರಿ ಇದು. ಗ್ರಂಥಾಲಯದಿಂದ ಹೊರಟು ಬ್ಯಾಂಡ್‌ಸ್ಟ್ಯಾಂಡ್ ಕಡೆ ಒಂದು ಸುತ್ತು, ಬಿದಿರುಮೆಳೆಗಳ ಪಕ್ಕದ ದೊಡ್ಡ ರಸ್ತೆಯಲ್ಲೇ ನಡೆದು ಕಸ್ತೂರಬಾ ರಸ್ತೆಯ ಕಡೆಗೆ, ಅಲ್ಲಿಂದ ವಿಕ್ಟೋರಿಯಾ ರಾಣಿಯ ಪ್ರತಿಮೆ ಇರುವ ವೃತ್ತ, ರಸ್ತೆ ದಾಟಿ ಎಂ.ಜಿ. ರಸ್ತೆ ಹಿಡಿದು ಚರ್ಚ್ ಸ್ಟ್ರೀಟ್. ಒಳದಾರಿಗಳು ಬೇಡ, ಮರಗಳ ನಡುವಿನ ಒಂಟಿ ಬೆಂಚು ಬೇಡ. ಜೋಡಿಯಾಗಿ ಮರೆಯಲ್ಲಿ ಕೂತವರನ್ನು ಕಾವಲುಗಾರರು ಸೀಟಿ ಊದಿ ಎಬ್ಬಿಸುವುದು ನಮ್ಮ ಉದ್ಯಾನಗಳಲ್ಲಿ ಹೊಸದೇನಲ್ಲ. ತಪ್ಪಿಲ್ಲದಿದ್ದರೂ ಆ ಸೀಟಿಯ ನಾಚಿಕೆ ಭೇಟಿಯ ಮೇಲೆ ಬೀಳುತ್ತದೆ. ಆಕೆಗೂ ಎಲ್ಲರ ಕಣ್ಣಿಗೆ ಕಾಣುವ ದೊಡ್ಡ ದಾರಿಯೇ ನಿರಾಳ. ಮಳೆ ಬಂದರೆ ಕಸ್ತೂರಬಾ ರಸ್ತೆಯಲ್ಲೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಇದೆ, ಅದು ತೆರೆದಿರುವ ಹೊತ್ತಾದರೆ ಟಿಕೆಟು ಕೊಂಡು ಒಳಗೆ ಹೋದರಾಯಿತು. ಮಕ್ಕಳ ಗದ್ದಲ ಇರುತ್ತದೆ. ಆದರೂ ಯಂತ್ರಗಳನ್ನು ನೋಡುತ್ತ ನಡೆಯುವುದೂ ಒಂದು ನಡಿಗೆಯೇ.

ಕಾಫಿಗೆ ಇಂಡಿಯನ್ ಕಾಫಿ ಹೌಸ್. ಎಂ.ಜಿ. ರಸ್ತೆಯಲ್ಲಿದ್ದದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಅಲ್ಲಿ ಮೇಜಿಗೇ ತಂದುಕೊಡುತ್ತಾರೆ. ಇಬ್ಬರೂ ಎದ್ದು ಸಾಲಿನಲ್ಲಿ ನಿಂತು ಟೋಕನ್ ತೆಗೆದುಕೊಳ್ಳುವ ಕಡೆಗಳಲ್ಲಿ ಮಾತು ಅಲ್ಲಲ್ಲಿ ತುಂಡಾಗುತ್ತದೆ. ಜಾಗ ಸಿಗದಿದ್ದರೆ ಅದೇ ಬೀದಿಯಲ್ಲಿ ಇನ್ನೂ ಕೆಲವು ಕಡೆ ಕೂರಬಹುದು. ಎರಡನೆಯ ಹೆಸರೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗಬೇಕು. ಕೂರುವ ಜಾಗ ಆರಿಸುವುದಕ್ಕೂ ಒಂದು ಲೆಕ್ಕವಿದೆ. ಕಾಫಿ ಯಂತ್ರದ ಹತ್ತಿರ, ಅಡುಗೆಮನೆ ಬಾಗಿಲ ಹತ್ತಿರ, ಗಲ್ಲಾದ ಹತ್ತಿರ ಬೇಡ. ಗಾಜಿನ ಗೋಡೆ, ಟೈಲ್ಸ್ ನೆಲ ಇರುವ ಹೊಸ ಕೆಫೆಗಳಲ್ಲಿ ನಾಲ್ಕು ಮೇಜಿನ ಮಾತೂ ಸೇರಿ ಗುಂಯ್ಗುಡುತ್ತದೆ. ಅಂಥಲ್ಲಿ ದನಿ ಏರಿಸಿ ಮಾತಾಡಬೇಕಾಗುತ್ತದೆ, ಏರಿಸಿದ ದನಿಯಲ್ಲಿ ಯಾರೂ ಮನಸ್ಸಿನ ಮಾತು ಆಡುವುದಿಲ್ಲ. ಸಾಧ್ಯವಾದರೆ ಚೌಕದ ಮೇಜಿನ ಎರಡು ಪಕ್ಕದ ಬದಿಗಳಲ್ಲಿ, ಮೂಲೆಗೆ ಕೂತರೆ ನೇರ ಎದುರುಬದುರಾಗುವ ಬಿಗಿ ಇರುವುದಿಲ್ಲ, ಮೆಲ್ಲಗೆ ಮಾತಾಡಿದರೂ ಕೇಳುತ್ತದೆ. ಬಾಗಿಲು ಕಾಣುವ ಕುರ್ಚಿಯನ್ನು ಆಕೆಗೆ ಬಿಡು ಎಂದಿದ್ದೆ.

ಬಿಲ್ಲಿನ ವಿಷಯ ಸಣ್ಣದೆಂದು ತಳ್ಳಿಹಾಕಬಾರದು. ಕರೆದವರು ಕೊಡುವುದು ನಮ್ಮಲ್ಲಿ ಸಹಜ. ಎದುರಿನವರು ‘ನನ್ನ ಪಾಲು ನಾನೇ ಕೊಡ್ತೀನಿ’ ಎಂದರೆ ಒಂದು ಸಲ ಬೇಡ ಎನ್ನಬಹುದು, ಎರಡನೆಯ ಸಲ ಹೇಳಿದರೆ ಒಪ್ಪಿಕೊಳ್ಳಬೇಕು. ಮೂರು ಸಲ ಎಳೆದಾಡಿದರೆ ಅದು ಉಪಚಾರವಲ್ಲ, ಹಟ. ಇನ್ನೊಂದು ಮಾತನ್ನು ಹುಡುಗನಿಗೆ ಒತ್ತಿ ಹೇಳಿದ್ದೆ. ‘ಪರವಾಗಿಲ್ಲ, ಮುಂದಿನ ಸಲ ನೀವು ಕೊಡಿ’ ಎನ್ನಬೇಡ. ಸೌಜನ್ಯದಂತೆ ಕಾಣುವ ಈ ಮಾತು ಮುಂದಿನ ಸಲ ಇದ್ದೇ ಇದೆ ಎಂದು ಆಕೆಯ ಪರವಾಗಿಯೂ ನಿರ್ಧರಿಸಿಬಿಡುತ್ತದೆ. ಇನ್ನೂ ಯೋಚಿಸುತ್ತಿರುವವರಿಗೆ ಅದು ಭಾರ.

ಏನು ಮಾತಾಡಬೇಕೆಂದು ನಾನು ಹೇಳಿಕೊಡಲಿಲ್ಲ. ಏನನ್ನು ಅವತ್ತು ಬಿಡಬೇಕೆಂಬುದನ್ನು ಮಾತ್ರ ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದರು. ಸಂಬಳ, ಸೈಟು, ಮದುವೆ ಆದ ಮೇಲೆ ಯಾರ ಮನೆಯಲ್ಲಿರುವುದು, ಇವು ಪ್ರೊಫೈಲಿನಲ್ಲೋ ಹಿರಿಯರ ಮಾತಿನಲ್ಲೋ ಬಂದೇ ಬರುತ್ತವೆ. ಮೊದಲ ಒಂದೂವರೆ ಗಂಟೆಯಲ್ಲಿ ಇವನ್ನು ತಂದರೆ ಇಬ್ಬರೂ ಸಂದರ್ಶನಕ್ಕೆ ಕೂತ ಹಾಗೆ ನೆಟ್ಟಗಾಗುತ್ತಾರೆ. ಒಂದು ಷರತ್ತು ಮಾತ್ರ: ಮದುವೆಯೇ ಇಷ್ಟವಿಲ್ಲದೆ ಮನೆಯವರ ಬಲವಂತಕ್ಕೆ ಬಂದವರು ಅದನ್ನು ಅವತ್ತೇ ಹೇಳಬೇಕು, ನಾಳೆಗೆ ಬಿಡಬಾರದು.

ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾದ ಮಾತೊಂದಿದೆ. ಹೊರಡುವ ಮುಂಚೆ ಕೊನೆಯ ಗಳಿಗೆಯಲ್ಲಿ ‘ಅಲ್ಲಿ ರಶ್ಶು, ಕಾರಲ್ಲೇ ಕೂತು ಮಾತಾಡೋಣ’, ‘ನನ್ನ ಫ್ರೆಂಡ್ ಫ್ಲ್ಯಾಟ್ ಇಲ್ಲೇ ಇದೆ’ ಎಂದು ಜಾಗ ಬದಲಿಸಿದರೆ ಹೋಗಬೇಡಿ. ಒಂದು ಸಾರ್ವಜನಿಕ ಜಾಗದಿಂದ ಇನ್ನೊಂದು ಸಾರ್ವಜನಿಕ ಜಾಗಕ್ಕೆ ಬದಲಿಸಿದರೆ ತೊಂದರೆಯಿಲ್ಲ. ಬಾಗಿಲು ಹಾಕಿಕೊಳ್ಳುವ ಜಾಗಕ್ಕೆ ಬದಲಿಸಿದರೆ ಆ ದಿನದ ಭೇಟಿ ಮುಗಿಯಿತೆಂದೇ ತಿಳಿಯಿರಿ. ಬೇಡ ಎಂದ ಮೇಲೂ ಮನೆ ತನಕ ಬಿಡುತ್ತೇನೆಂದು ಹಟ ಹಿಡಿದರೆ, ಏನೋ ಕಷ್ಟ ಹೇಳಿ ದುಡ್ಡು ಕೇಳಿದರೆ, ಆಗಲೂ ಅಷ್ಟೆ. ಎದ್ದು ಕಾಫಿ ಹೌಸಿನವರ ಹತ್ತಿರವೋ ಮೆಟ್ರೊ ನಿಲ್ದಾಣದ ಕಾವಲಿನವರ ಹತ್ತಿರವೋ ಹೋಗಿ ನಿಂತುಕೊಳ್ಳಿ. ತುರ್ತಿಗೆ 112. ವಿವರಣೆ ಕೊಡಬೇಕಾದ ಋಣ ಯಾರಿಗೂ ಇಲ್ಲ.

ಸಣ್ಣ ಊರುಗಳಲ್ಲಿ ಕಷ್ಟ ಬೇರೆಯದು. ಅಲ್ಲಿ ಸಾರ್ವಜನಿಕ ಜಾಗವೆಂದರೆ ಎಲ್ಲರೂ ಗುರುತಿನವರೇ ಇರುವ ಜಾಗ, ಇಬ್ಬರು ಕಾಫಿ ಕುಡಿದದ್ದು ಸಂಜೆಯೊಳಗೆ ಎರಡು ಕೇರಿಗೆ ಗೊತ್ತಾಗುತ್ತದೆ. ನಮ್ಮ ಹಿರಿಯರು ಇದಕ್ಕೆ ದೇವಸ್ಥಾನದ ದಾರಿ ಕಂಡುಕೊಂಡಿದ್ದರು: ಎರಡು ಮನೆಯವರೂ ಅರ್ಚನೆಗೆಂದು ಬಂದು, ಹುಡುಗ ಹುಡುಗಿ ಪ್ರಾಕಾರದಲ್ಲಿ ಸುತ್ತುತ್ತ ಮಾತಾಡುವುದು. ಅದು ಈಗಲೂ ಕೆಟ್ಟ ದಾರಿಯಲ್ಲ, ಅಲ್ಲೂ ಇರುವುದು ನಡಿಗೆಯೇ. ಇಲ್ಲವಾದರೆ ಹತ್ತಿರದ ದೊಡ್ಡ ಊರಿಗೆ ಹೋಗುವುದು ವಾಸಿ. ಮೈಸೂರಾದರೆ ಕುಕ್ಕರಹಳ್ಳಿ ಕೆರೆಯ ದಂಡೆ ಇದಕ್ಕೆಂದೇ ಮಾಡಿದ ಹಾಗಿದೆ, ಬೆಳಗಿನ ಹೊತ್ತು ನಡೆಯುವವರು ಸಾಕಷ್ಟು ಇರುತ್ತಾರೆ, ಯಾರೂ ನಿಂತು ನೋಡುವುದಿಲ್ಲ. ಪೂರ್ತಿ ಸುತ್ತು ಹಾಕಬೇಕೆಂದಿಲ್ಲ. ಒಂದಷ್ಟು ದೂರ ಹೋಗಿ ಬಂದ ದಾರಿಯಲ್ಲೇ ತಿರುಗಿದರೆ ಬೇಕೆಂದಾಗ ಮುಗಿಸಬಹುದು. ಸುತ್ತು ಹಾಕತೊಡಗಿ ಅರ್ಧಕ್ಕೆ ಬಂದ ಮೇಲೆ ಬೇಸರವಾದರೆ ಇನ್ನರ್ಧವನ್ನು ನಡೆಯಲೇಬೇಕು.

ಆ ಭಾನುವಾರ ಇವನು ಎಂಟೂವರೆಗೇ ಪ್ರತಿಮೆಯ ಹತ್ತಿರ ಇದ್ದ. ಆಕೆ ಹತ್ತು ನಿಮಿಷ ತಡವಾಗಿ ಬಂದಳು, ಬರುತ್ತಿದ್ದೇನೆಂದು ಮೆಸೇಜು ಹಾಕಿದ್ದಳು. ನಡಿಗೆ ನಲವತ್ತರ ಬದಲು ಐವತ್ತು ನಿಮಿಷವಾಯಿತು, ನಡುವೆ ಯಾರದೋ ನಾಯಿಮರಿಯನ್ನು ಮಾತಾಡಿಸಲು ನಿಂತರಂತೆ. ಕಾಫಿ ಹೌಸಿನಲ್ಲಿ ಹತ್ತು ನಿಮಿಷ ಕಾದರು. ಹತ್ತೂ ಇಪ್ಪತ್ತಕ್ಕೆ ಇವನು ‘ನಾನು ಹೊರಡಬೇಕು, ನೀವು ಬಂದಿದ್ದು ಖುಷಿಯಾಯ್ತು. ಯೋಚನೆ ಮಾಡಿ, ಎರಡು ದಿನದಲ್ಲಿ ನಾವಿಬ್ಬರೇ ಒಬ್ಬರಿಗೊಬ್ಬರು ಹೇಳಿಕೊಳ್ಳೋಣ, ಆಮೇಲೆ ಮನೆಯವರಿಗೆ’ ಎಂದ. ಆಕೆ ಎಂ.ಜಿ. ರಸ್ತೆ ನಿಲ್ದಾಣದಲ್ಲಿ ವೈಟ್‌ಫೀಲ್ಡ್ ರೈಲು ಹತ್ತಿದಳು. ಇವನು ಪುಸ್ತಕದಂಗಡಿಗೆ ಹೋದ.

ಮಂಗಳವಾರ ರಾತ್ರಿ ಆಕೆಯ ಮೆಸೇಜು ಬಂತು. ಅವನು ಅದನ್ನು ನನಗೆ ತೋರಿಸಿದ: ‘ಅವತ್ತು ಒಂದು ಕ್ಷಣವೂ ಇರಿಸುಮುರಿಸು ಅನ್ನಿಸಲಿಲ್ಲ, ಥ್ಯಾಂಕ್ಸ್. ಆದರೆ ನನಗೆ ಮುಂದುವರಿಸಬೇಕು ಅನ್ನಿಸ್ತಿಲ್ಲ. ನೇರವಾಗಿ ನಿಮಗೇ ಹೇಳೋಣ ಅಂತ.’ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ತಿಳಿಸಿದ್ದಕ್ಕೆ ಥ್ಯಾಂಕ್ಸ್, ನಿಮಗೆ ಒಳ್ಳೇದಾಗಲಿ’ ಎಂದು ಉತ್ತರ ಬರೆದು ಕಳಿಸಿದ. ಯಾಕೆ ಎಂದು ಕೇಳಲಿಲ್ಲ. ಊಟಕ್ಕೆ ಏಳುವಾಗ, ‘ಅತ್ತೆ, ಇನ್ನೊಬ್ಬರು ಜಯನಗರದವರು. ಅವರಿಗಾದ್ರೆ ಲಾಲ್‌ಬಾಗ್ ಪಶ್ಚಿಮದ ಗೇಟು ಸರಿಯಾಗುತ್ತಲ್ವಾ?’ ಎಂದ.